ಕೆದರಿದ ಕೂದಲಿಗೆ ಹೊಸ ಹಿನ್ನೆಲೆ: ಕಟೌಟ್ ಭಾವಚಿತ್ರಗಳಲ್ಲಿ ಮ್ಯಾಟಿಂಗ್

(ದಾವಣಗೆರೆಯಲ್ಲಿ ಸ್ಟುಡಿಯೋ, ಡಿಟಿಪಿ ಮತ್ತು ಬ್ಯಾನರ್ ವಿನ್ಯಾಸದ ಕೆಲಸದಲ್ಲಿರುವವರ ಮುಂದೆ ಕೊಟ್ಟ ಉಪನ್ಯಾಸದ ಬರಹ ರೂಪ)

ಪೆನ್ ಟೂಲ್ ಹಿಡಿದು ಸೀರೆಯ ಅಂಚು, ಭುಜ, ಕೈ ಇವನ್ನೆಲ್ಲ ನೀಟಾಗಿ ಕಟ್ ಮಾಡುವುದು ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. ಅದರ ಬಗ್ಗೆ ಮಾತಾಡಿ ಸಮಯ ಕಳೆಯುವುದಿಲ್ಲ. ಇವತ್ತಿನ ವಿಷಯ ಪೆನ್ ಟೂಲ್ ಕೈಬಿಡುವ ಜಾಗ, ಅಂದರೆ ಕೂದಲು. ಅದರಲ್ಲೂ ಫೋಟೋವನ್ನು ಪೇಂಟಿಂಗ್ ಥರ ಮಾಡಿ ಬೇರೆ ಹಿನ್ನೆಲೆಯ ಮೇಲೆ ಕೂರಿಸುವಾಗ ಕೂದಲಿನ ಅಂಚಿನಲ್ಲಿ ಬರುವ ಹಸಿರು ಗೆರೆ, ಬಿಳಿ ಗೆರೆ, ಕತ್ತರಿಯಲ್ಲಿ ಕತ್ತರಿಸಿದಂಥ ತುದಿಗಳು ಯಾಕೆ ಬರುತ್ತವೆ, ಅವನ್ನು ತೆಗೆಯುವುದು ಹೇಗೆ ಅನ್ನುವುದು.

ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ನವೆಂಬರ್ 11ರ ಒನಕೆ ಓಬವ್ವ ಜಯಂತಿಗೆ ಒಂದು ಪೋಸ್ಟರ್ ಬೇಕು. ಓಬವ್ವನ ವೇಷದ ಕಲಾವಿದೆ ಒನಕೆ ಎತ್ತಿ ನಿಂತಿದ್ದಾಳೆ, ಕೂದಲು ಬಿಚ್ಚಿ ಹರಡಿದೆ, ಕಿವಿಯಲ್ಲಿ ಜುಮಕಿ, ಕೂದಲಲ್ಲಿ ಒಂದು ತುಂಡು ಮಲ್ಲಿಗೆ. ಫೋಟೋ ತೆಗೆದದ್ದು ಸ್ಟುಡಿಯೋದ ಪಿಸ್ತಾ ಹಸಿರು ಗೋಡೆಯ ಮುಂದೆ. ಆಕೆಯ ಚಿತ್ರ ತೈಲವರ್ಣದ ಥರ ಆಗಬೇಕು, ಹಿಂದೆ ಚಿತ್ರದುರ್ಗದ ಕೋಟೆಯ ಕಂದು ಬಂಡೆಗಳು ಬರಬೇಕು. ಹಿನ್ನೆಲೆ ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಬದಲಾಗುತ್ತಿದೆ. ಕಪ್ಪು ಕೂದಲಿನ ಮಟ್ಟಿಗೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ. ಆದ್ದರಿಂದಲೇ ಇದನ್ನು ಆರಿಸಿಕೊಂಡದ್ದು.

ಒಂದು ಕೂದಲು ಎಷ್ಟು ಪಿಕ್ಸೆಲ್?

ಮೊದಲು ಅಳತೆ ಹಾಕೋಣ. ಕ್ಯಾಮೆರಾ 24 ಮೆಗಾಪಿಕ್ಸೆಲ್, ಉದ್ದುದ್ದ ಹಿಡಿದರೆ 4000 ಅಗಲ, 6000 ಎತ್ತರ. ಸೊಂಟದಿಂದ ಎತ್ತಿದ ಒನಕೆಯ ತುದಿಯವರೆಗೆ ಚೌಕಟ್ಟಿನಲ್ಲಿ 120 ಸೆಂಟಿಮೀಟರ್ ಹಿಡಿದಿದೆ ಅಂದುಕೊಳ್ಳಿ. 1200 ಮಿಲಿಮೀಟರ್‌ಗೆ 6000 ಪಿಕ್ಸೆಲ್, ಅಂದರೆ ಒಂದು ಪಿಕ್ಸೆಲ್‌ಗೆ 0.2 ಮಿಲಿಮೀಟರ್. ತಲೆಗೂದಲಿನ ದಪ್ಪ ಸುಮಾರು 0.08 ಮಿಲಿಮೀಟರ್. ಹಾಗಾಗಿ ಗುಂಪಿನಿಂದ ಬೇರೆಯಾಗಿ ಹಾರಿದ ಒಂಟಿ ಕೂದಲು ಪಿಕ್ಸೆಲ್‌ನ ಶೇಕಡಾ 40ರಷ್ಟು ಜಾಗವನ್ನಷ್ಟೇ ತುಂಬುತ್ತದೆ. ಉಳಿದ 60 ಗೋಡೆಯದು. ಫೋಕಸ್ ಎಷ್ಟೇ ಚೂಪಾಗಿದ್ದರೂ ಇದು ಬದಲಾಗುವುದಿಲ್ಲ.

ಸೆಲೆಕ್ಷನ್ ಮಾಡುವಾಗ ನಾವು ಕೇಳುವುದು ‘ಈ ಪಿಕ್ಸೆಲ್ ಕೂದಲೋ ಗೋಡೆಯೋ’ ಅಂತ. ಆ ಪ್ರಶ್ನೆಗೆ ಇಲ್ಲಿ ಉತ್ತರವೇ ಇಲ್ಲ, ಯಾಕೆಂದರೆ ಅದು ಎರಡೂ ಹೌದು. ಮ್ಯಾಟಿಂಗ್ ಕೇಳುವ ಪ್ರಶ್ನೆ ಬೇರೆ: ಎಷ್ಟು ಪಾಲು ಕೂದಲು, ಮತ್ತು ಆ ಪಾಲಿನ ನಿಜವಾದ ಬಣ್ಣ ಯಾವುದು? ಪಾಲಿಗೆ ಆಲ್ಫಾ ಅನ್ನುತ್ತೇವೆ. ಕ್ಯಾಮೆರಾ ದಾಖಲಿಸಿದ ಬಣ್ಣ I, ಕೂದಲಿನ ಬಣ್ಣ F, ಗೋಡೆಯ ಬಣ್ಣ B ಆದರೆ,

```
I = α·F + (1 − α)·B
```

ಇವತ್ತಿನ ಮಾತೆಲ್ಲ ಈ ಒಂದು ಸಾಲಿನ ಸುತ್ತಲೇ ತಿರುಗುತ್ತದೆ. ನಮಗೆ ಗೊತ್ತಿರುವುದು I ಮಾತ್ರ. ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆ. ಗೊತ್ತಿಲ್ಲದವು ಏಳು: F ಮೂರು, B ಮೂರು, ಆಲ್ಫಾ ಒಂದು. ಹಾಗಾಗಿ ಯಾವ ಸಾಫ್ಟ್‌ವೇರ್ ಆದರೂ ಸುತ್ತಲಿನ ಪಿಕ್ಸೆಲ್‌ಗಳನ್ನು ನೋಡಿ ಊಹೆ ಮಾಡಲೇಬೇಕು. ಆ ಊಹೆಗೆ ನಾವು ಎಷ್ಟು ಆಧಾರ ಒದಗಿಸುತ್ತೇವೆ ಅನ್ನುವುದರ ಮೇಲೆ ಫಲಿತಾಂಶ ನಿಂತಿದೆ.

ಹಸಿರು ಗೆರೆ ಎಲ್ಲಿಂದ ಬರುತ್ತದೆ

ಸಂಖ್ಯೆ ಹಾಕಿ ನೋಡಿದರೆ ಇದು ಕೂಡಲೇ ಅರ್ಥವಾಗುತ್ತದೆ. ಗೋಡೆಯ ಬಣ್ಣ (150, 190, 120), ಕೂದಲಿನದು (30, 22, 18), ಆಲ್ಫಾ 0.4. ಸೂತ್ರಕ್ಕೆ ಹಾಕಿದರೆ ಫೋಟೋದಲ್ಲಿ ಆ ಪಿಕ್ಸೆಲ್ (102, 123, 79) ಆಗಿರುತ್ತದೆ. ನೋಡಿ, ಕಪ್ಪು ಕೂದಲಿನ ಪಿಕ್ಸೆಲ್ ಅದು, ಆದರೆ ಬಣ್ಣ ಮಾಸಲು ಹಸಿರು.

ಈಗ ಬಹಳ ಜನ ಮಾಡುವುದು ಏನೆಂದರೆ, ಆಲ್ಫಾವನ್ನು ಲೇಯರ್ ಮಾಸ್ಕ್ ಆಗಿ ಹಾಕಿ, ಫೋಟೋದ ಪಿಕ್ಸೆಲ್‌ಗಳನ್ನು ಹಾಗೇ ಬಿಟ್ಟು, ಕೆಳಗೆ ಬಂಡೆಯ ಚಿತ್ರ ಇಡುವುದು. ಬಂಡೆಯ ನೆರಳಿನ ಭಾಗ (90, 60, 45) ಅಂದುಕೊಂಡರೆ, ಆ ಮಾಸಲು ಹಸಿರಿನ 40 ಭಾಗ, ಬಂಡೆಯ 60 ಭಾಗ ಸೇರಿ (95, 85, 59) ಬರುತ್ತದೆ. ಕಪ್ಪು ಕೂದಲು ಬಂಡೆಗಿಂತ ಹೆಚ್ಚು ಬೆಳಗಿದೆ, ಮೇಲಾಗಿ ಹಸಿರು ತಿರುಗಿದೆ. ಅದೇ ನೀವು ನೋಡುವ ಗೆರೆ. ಆಲ್ಫಾ ನೂರಕ್ಕೆ ನೂರು ಸರಿ ಇದ್ದರೂ ಇದು ಬರುತ್ತದೆ ಅನ್ನುವುದನ್ನು ಗಮನಿಸಿ. ಮಾಸ್ಕ್ ತಪ್ಪಾಗಿದೆ ಅಂದುಕೊಂಡು ಫೆದರ್ ಹೆಚ್ಚಿಸುವುದು, ಒಂದು ಪಿಕ್ಸೆಲ್ ಒಳಕ್ಕೆ ತಳ್ಳುವುದು ಇವೆಲ್ಲ ಕೂದಲನ್ನೇ ತಿನ್ನುತ್ತವೆ, ಗೆರೆಯನ್ನಲ್ಲ.

ಸರಿಯಾದ ಲೆಕ್ಕದಲ್ಲಿ ಫೋಟೋದ ಪಿಕ್ಸೆಲ್ ಬದಲು F, ಅಂದರೆ ಕೂದಲಿನ ನಿಜ ಬಣ್ಣವನ್ನು ಹಾಕಬೇಕು. ಆಗ (66, 45, 34) ಬರುತ್ತದೆ. ಬಂಡೆಗಿಂತ ಗಾಢ, ಹಸಿರಿನ ಸುಳಿವಿಲ್ಲ. ಬಂಡೆಯ ಮುಂದೆ ನಿಂತೇ ಫೋಟೋ ತೆಗೆದಿದ್ದರೆ ಬರುತ್ತಿದ್ದ ಬಣ್ಣವೂ ಇದೇ.

ಆದ್ದರಿಂದ ಕೆಲಸ ಎರಡು: ಆಲ್ಫಾ ಕಂಡುಹಿಡಿಯುವುದು, ಮುನ್ನೆಲೆಯ ಬಣ್ಣ ಕಂಡುಹಿಡಿಯುವುದು. ಫೋಟೋಶಾಪ್‌ನ Select and Mask ಒಳಗೆ Decontaminate Colors ಅಂತ ಒಂದು ಟಿಕ್ ಇದೆಯಲ್ಲ, ಅದು ಮಾಡುವುದು ಈ ಎರಡನೆಯ ಕೆಲಸವನ್ನು. ಅದು ಪಿಕ್ಸೆಲ್‌ನ ಬಣ್ಣವನ್ನೇ ಬದಲಿಸುವುದರಿಂದ ಫಲಿತಾಂಶವನ್ನು ಬರೀ ಮಾಸ್ಕ್ ಆಗಿ ಕೊಡದೆ ಹೊಸ ಲೇಯರ್ ಆಗಿ ಕೊಡುತ್ತದೆ. ಗಿಂಪ್‌ನ Foreground Select ಟೂಲ್‌ನಲ್ಲಿ Matting Levin ಅನ್ನುವ ಎಂಜಿನ್ ಆರಿಸಿದರೆ ಆಲ್ಫಾ ಚೆನ್ನಾಗಿ ಸಿಗುತ್ತದೆ. ಆದರೆ ಅದು ಕೊಡುವುದು ಸೆಲೆಕ್ಷನ್ ಮಾತ್ರ, ಬಣ್ಣ ತೊಳೆಯುವ ಕೆಲಸ ಅದರಲ್ಲಿ ಇಲ್ಲ. ಗಿಂಪ್‌ನಲ್ಲಿ ಕಟ್ ಮಾಡಿದರೆ ಗೆರೆ ಬರುತ್ತದೆ ಅನ್ನುವವರ ದೂರಿಗೆ ಮೂಲ ಇಲ್ಲಿದೆ.

ಟ್ರೈಮ್ಯಾಪ್: ಕೈಕೆಲಸ ಇರುವುದು ಇಲ್ಲೇ

ಆ ಎಂಜಿನ್‌ನ ಹೆಸರಿನಲ್ಲಿರುವ ಲೆವಿನ್ ಅಂದರೆ ಅನಾತ್ ಲೆವಿನ್. 2006ರಲ್ಲಿ ಅವರು ಇಬ್ಬರು ಸಹೋದ್ಯೋಗಿಗಳ ಜೊತೆ ಪ್ರಕಟಿಸಿದ ‘ಕ್ಲೋಸ್ಡ್ ಫಾರ್ಮ್ ಮ್ಯಾಟಿಂಗ್’ ವಿಧಾನ ಇವತ್ತಿಗೂ ಕೈಕೆಲಸದವರಿಗೆ ನಂಬಿಕೆಯದು. ಅದರ ಊಹೆ ಸರಳ: 3×3 ಪಿಕ್ಸೆಲ್‌ನಷ್ಟು ಚಿಕ್ಕ ಕಿಂಡಿಯಲ್ಲಿ ನೋಡಿದರೆ ಕೂದಲಿನ ಬಣ್ಣ ಹೆಚ್ಚು ಬದಲಾಗುವುದಿಲ್ಲ, ಬದಲಾದರೂ ಒಂದೇ ಬಣ್ಣದ ತಿಳಿ-ಗಾಢ ಛಾಯೆಯಾಗಿ ಬದಲಾಗುತ್ತದೆ, ಗೋಡೆಯೂ ಹಾಗೇ. ಅಷ್ಟನ್ನು ಒಪ್ಪಿದರೆ ಇಡೀ ಚಿತ್ರಕ್ಕೆ ಒಂದು ದೊಡ್ಡ ಸಮೀಕರಣ ಕಟ್ಟಿ ಬಿಡಿಸಬಹುದು. ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಮಾತ್ರ ನಾವು ತೋರಿಸಬೇಕು. ಹಾಗೆ ತೋರಿಸುವ ನಕ್ಷೆಯೇ ಟ್ರೈಮ್ಯಾಪ್: ಖಂಡಿತ ವ್ಯಕ್ತಿ ಇರುವ ಕಡೆ ಬಿಳಿ, ಖಂಡಿತ ಗೋಡೆ ಇರುವ ಕಡೆ ಕಪ್ಪು, ಗೊತ್ತಿಲ್ಲದ ಕಡೆ ಬೂದು.

ಬೂದು ಪಟ್ಟಿಯ ಅಗಲ ಎಲ್ಲ ಕಡೆ ಒಂದೇ ಇರಬಾರದು. ಒನಕೆ ಗಟ್ಟಿ ಮರ, ಅದರ ಅಂಚಿನಲ್ಲಿ ಮಿಶ್ರಣ ಇರುವುದು ಎರಡು ನಾಲ್ಕು ಪಿಕ್ಸೆಲ್. ಅಲ್ಲಿ 10ರಿಂದ 12 ಪಿಕ್ಸೆಲ್ ಪಟ್ಟಿ ಸಾಕು. ಭುಜ, ಕೈ, ರವಿಕೆಯ ತೋಳಿಗೂ ಅಷ್ಟೇ. ಕೂದಲಿನ ಹತ್ತಿರ ಮಾತ್ರ ಕೈ ಧಾರಾಳವಾಗಿರಲಿ. ದಟ್ಟ ಕೂದಲಿನ ಒಳಕ್ಕೆ 40ರಿಂದ 60 ಪಿಕ್ಸೆಲ್, ಹೊರಕ್ಕೆ ಕೊನೆಯ ಎಳೆ ಹಾರಿದ ಜಾಗಕ್ಕಿಂತ ಇನ್ನೂ 20 ಪಿಕ್ಸೆಲ್ ಆಚೆ. ನಮ್ಮ ಅಳತೆಯಲ್ಲಿ 4 ಸೆಂಟಿಮೀಟರ್ ಹೊರಗೆ ಹಾರಿದ ಎಳೆ ಅಂದರೆ 200 ಪಿಕ್ಸೆಲ್. ಸ್ವಯಂಚಾಲಿತವಾಗಿ ಮಾಸ್ಕ್ ತೆಗೆದು, ಅದನ್ನು ಸುತ್ತಲೂ ಒಂದೇ ಅಳತೆಯಲ್ಲಿ ಹಿಗ್ಗಿಸಿ ಕುಗ್ಗಿಸಿ ಮಾಡಿದ ಟ್ರೈಮ್ಯಾಪ್ ಸೋಲುವುದು ಈ ಕಾರಣಕ್ಕೆ. 15 ಪಿಕ್ಸೆಲ್ ಇಟ್ಟರೆ ಒನಕೆ ಸರಿ, ಕೂದಲು ಕತ್ತರಿ. 200 ಇಟ್ಟರೆ ಕೂದಲು ಸರಿ, ಬೆರಳುಗಳು ಕರಗಿಹೋಗುತ್ತವೆ.

ಪಟ್ಟಿ ಕಿರಿದಾಗಿದೆಯೋ ಅಗಲವಾಗಿದೆಯೋ ಅಂತ ಫಲಿತಾಂಶ ನೋಡಿಯೇ ಹೇಳಬಹುದು. ಎಳೆಗಳೆಲ್ಲ ಒಂದೇ ಗೆರೆಯ ಮೇಲೆ ಸಾಲಾಗಿ ತುಂಡಾಗಿದ್ದರೆ ಪಟ್ಟಿ ಕಿರಿದು, ಆ ಗೆರೆಯಾಚೆ ನೀವೇ ‘ಗೋಡೆ’ ಎಂದು ಬಳಿದಿದ್ದೀರಿ. ಕೂದಲಿನ ಸುತ್ತ ಮಂಜಿನಂಥ ತೆಳು ಪರದೆ ಬಂದಿದ್ದರೆ ಪಟ್ಟಿ ಅಗಲ, ಅಥವಾ ಗೋಡೆಯ ಮೇಲೆ ನೆರಳಿನ ಏರಿಳಿತ ಇದೆ; ಆ ಏರಿಳಿತವನ್ನು ಲೆಕ್ಕ ಕೂದಲು ಅಂದುಕೊಂಡಿದೆ.

ಗುಂಗುರುಗಳ ನಡುವೆ ಗೋಡೆ ಇಣುಕುವ ಸಣ್ಣ ಕಿಂಡಿಗಳನ್ನು ಮರೆಯಬೇಡಿ. ಸುತ್ತ ಕೂದಲೇ ಇರುವ ಕಿಂಡಿಗೆ ಹೊರಗಿನ ಕಪ್ಪು ಗುರುತಿನ ಸಂಪರ್ಕ ಸಿಗುವುದಿಲ್ಲ. ಹಾಗಾಗಿ ಅದು ಅರೆಪಾರದರ್ಶಕವಾಗಿ ಉಳಿದು, ಬಂಡೆಯ ಮುಂದೆ ಹಸಿರು ಚುಕ್ಕೆಯಾಗಿ ಕಾಣುತ್ತದೆ. ಪ್ರತಿ ದೊಡ್ಡ ಕಿಂಡಿಯ ನಡುವೆ ಒಂದು ಕಪ್ಪು ಚುಕ್ಕೆ ಇಟ್ಟರೆ ಸಾಕು. ಜುಮಕಿ ಮತ್ತು ಕತ್ತಿನ ನಡುವಿನ ಸಂದಿಗೂ ಇದೇ ಮದ್ದು. ಮಲ್ಲಿಗೆಯದು ತಿರುಗುಮುರುಗು. ತಿಳಿ ಗೋಡೆಯ ಮುಂದೆ ಬಿಳಿ ಹೂ ಇದ್ದರೆ ಅದೂ ಗೋಡೆಯ ಪಾಲಾಗುವ ಅಪಾಯ ಇರುವುದರಿಂದ ಮೊಗ್ಗುಗಳ ಮೈಗೆಲ್ಲ ಬಿಳಿ ಬಳಿದು, ಅಂಚಿನ ಒಂದೆರಡು ಪಿಕ್ಸೆಲ್ ಮಾತ್ರ ಬೂದು ಬಿಡಿ.

ಟ್ರೈಮ್ಯಾಪ್ ಬಳಿಯಲು ಮೆತ್ತನೆ ಬ್ರಷ್ ಬೇಡ, ಪೆನ್ಸಿಲ್ ಟೂಲ್ ಬೇಕು. ಮೆತ್ತನೆ ಬ್ರಷ್‌ನ ಅಂಚಿನಲ್ಲಿ 235, 20 ಅಂತೆಲ್ಲ ಮಧ್ಯದ ಬೆಲೆಗಳು ಬರುತ್ತವೆ. ಮುಂದೆ ಹೇಳುವ ಪೈಮ್ಯಾಟಿಂಗ್ ಶೇಕಡಾ 90ಕ್ಕಿಂತ ಮೇಲಿನದನ್ನು ಖಂಡಿತ ವ್ಯಕ್ತಿ, 10ಕ್ಕಿಂತ ಕೆಳಗಿನದನ್ನು ಖಂಡಿತ ಗೋಡೆ ಎಂದು ಓದಿಕೊಳ್ಳುತ್ತದೆ. ನಿಮಗೆ ಗೊತ್ತಿಲ್ಲದೆಯೇ ಬೂದು ಪಟ್ಟಿ ಸಣ್ಣದಾಗುತ್ತದೆ. ಸೇವ್ ಮಾಡುವುದು ಪಿಎನ್‌ಜಿಯಲ್ಲೇ. ಜೆಪೆಗ್ ಆದರೆ ಅಂಚುಗಳಲ್ಲಿ ಇದೇ ಗಲೀಜು ಮತ್ತೆ ಬರುತ್ತದೆ.

ಲೆಕ್ಕ ಓಡಿಸುವುದು

ಪೈಮ್ಯಾಟಿಂಗ್ ಅನ್ನುವುದು ಪೈಥಾನ್‌ನ ಉಚಿತ ಲೈಬ್ರರಿ. ಆಲ್ಫಾ, ಮುನ್ನೆಲೆಯ ಬಣ್ಣ ಎರಡನ್ನೂ ಬೇರೆ ಬೇರೆ ಫೈಲ್ ಆಗಿ ಕೊಡುತ್ತದೆ. ನಮ್ಮ ಮುಂದಿನ ಹೆಜ್ಜೆಗೆ ಬೇಕಾದದ್ದೂ ಅದೇ. ಪ್ರೋಗ್ರಾಮಿಂಗ್ ಬಾರದವರೂ ಈ ಕೆಲವು ಸಾಲುಗಳನ್ನು ಹಾಗೇ ಬಳಸಬಹುದು.

```python
from pymatting import *

photo = load_image("tale.png", "RGB")
trimap = load_image("trimap.png", "GRAY")

lin = photo ** 2.2
alpha = estimate_alpha_cf(lin, trimap)
fg = estimate_foreground_ml(lin, alpha)

save_image("alpha.png", alpha)
save_image("munnele.png", fg ** (1 / 2.2))
```

ಇಡೀ 24 ಮೆಗಾಪಿಕ್ಸೆಲ್ ಫೋಟೋವನ್ನು ಇದಕ್ಕೆ ಕೊಟ್ಟರೆ ಸಾಧಾರಣ ಕಂಪ್ಯೂಟರ್ ನಿಂತುಬಿಡುತ್ತದೆ. ಒಂದೊಂದು ಪಿಕ್ಸೆಲ್‌ಗೂ ನೆರೆಯವರ ಜೊತೆ 25 ಸಂಬಂಧಗಳನ್ನು ಬರೆದಿಡಬೇಕು, ಒಂದೊಂದಕ್ಕೆ 12 ಬೈಟ್. ಬರೀ ಆ ಕೋಷ್ಟಕವೇ 7 ಜಿಬಿ ದಾಟುತ್ತದೆ, ಅದನ್ನು ಕಟ್ಟುವಾಗ ಇನ್ನೂ ಹೆಚ್ಚು ಬೇಕು. ಹಾಗಾಗಿ ತಲೆ ಮತ್ತು ಕೂದಲಿನ ಭಾಗವನ್ನಷ್ಟೇ ಕ್ರಾಪ್ ಮಾಡಿ. 50 ಸೆಂಟಿಮೀಟರ್ ಅಗಲದ ಕೂದಲಿಗೆ 2500×2500 ಪಿಕ್ಸೆಲ್ ಸಾಕು, ಕೋಷ್ಟಕ 2 ಜಿಬಿಗೆ ಇಳಿಯುತ್ತದೆ. 16 ಜಿಬಿ ಇರುವ ಕಂಪ್ಯೂಟರ್‌ಗೆ ಅದು ಸಲೀಸು. 8 ಜಿಬಿಯದಾದರೆ ಎಡಗಡೆ, ಬಲಗಡೆ ಅಂತ ಎರಡು ತುಂಡು ಮಾಡಿ. ಉಳಿದ ಮೈಯನ್ನು ಪೆನ್ ಟೂಲ್‌ನಲ್ಲೇ ಕಟ್ ಮಾಡಿ ಜೋಡಿಸಿ. ಫೋಟೋವನ್ನು ಚಿಕ್ಕದು ಮಾಡಿ ಓಡಿಸುವುದು ಸುಲಭ ನಿಜ. ಆದರೆ ಅರ್ಧಕ್ಕೆ ಇಳಿಸಿದರೆ 0.4 ಇದ್ದ ಒಂಟಿ ಕೂದಲು 0.2 ಆಗುತ್ತದೆ, ಫೋಟೋದ ನಾಯ್ಸ್ ಜೊತೆ ಬೆರೆತು ಕಾಣೆಯಾಗುತ್ತದೆ.

ಆ 2.2 ಯಾಕೆ ಅಂತ ಒಂದು ಮಾತು. ಸೆನ್ಸರ್ ಮೇಲೆ ಕೂದಲು, ಗೋಡೆ ಎರಡರ ಬೆಳಕು ಬೆರೆಯುವುದು ನೇರ ಪ್ರಮಾಣದಲ್ಲಿ. ಫೈಲ್‌ನಲ್ಲಿರುವ ಸಂಖ್ಯೆ ಮಾತ್ರ ಗಾಮಾ ಹಾಕಿ ಬಗ್ಗಿಸಿದ್ದು. ಕಪ್ಪು ಕೂದಲು ಬಿಳಿ ಗೋಡೆಯ ಅರ್ಧ ಮುಚ್ಚಿದ ಪಿಕ್ಸೆಲ್‌ನಲ್ಲಿ ಬೆಳಕು ಅರ್ಧ ಇರುತ್ತದೆ, ಫೈಲ್‌ನಲ್ಲಿ ಬರೆದಿರುವ ಸಂಖ್ಯೆ 128 ಅಲ್ಲ, ಸುಮಾರು 188. ಬಗ್ಗಿಸಿದ ಸಂಖ್ಯೆಯ ಮೇಲೆ ನೇರವಾಗಿ ಲೆಕ್ಕ ಹಾಕಿದರೆ ಆಲ್ಫಾ 0.5ರ ಬದಲು 0.26 ಬರುತ್ತದೆ. ನಮ್ಮೂರಿನ ಕಪ್ಪು ಕೂದಲು, ತಿಳಿ ಗೋಡೆ ಜೋಡಿಯಲ್ಲಿ ಹಾರಿದ ಎಳೆಗಳು ಬಡಕಲಾಗುವುದಕ್ಕೆ ಇದು ದೊಡ್ಡ ಕಾರಣ, ಇದನ್ನು ಹೇಳುವವರು ಕಡಿಮೆ. ಮೇಲಿನ ನಮ್ಮ ಹಸಿರು ಗೋಡೆಯ ಸಂಖ್ಯೆಗಳೂ ಗಾಮಾ ಬಿಡಿಸಿದ ಬೆಳಕಿನ ಪ್ರಮಾಣಗಳೇ ಎಂದು ತಿಳಿಯಿರಿ. ಲೆಕ್ಕ ನೇರ ಪ್ರಮಾಣದಲ್ಲಿ ಮಾಡಿದ ಮೇಲೆ ಜೋಡಿಸುವುದೂ ಹಾಗೇ ಆಗಬೇಕು. ಗಿಂಪ್‌ನಲ್ಲಿ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿದರೆ Composite Space ಕೆಳಗೆ RGB (linear) ಇದೆ. ಫೋಟೋಶಾಪ್‌ನಲ್ಲಿ Color Settings ಒಳಗೆ Blend RGB Colors Using Gamma ಎಂಬುದನ್ನು 1.00 ಮಾಡಬೇಕು. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಿರಿ, ಇಲ್ಲದಿದ್ದರೆ ಬೇರೆ ಫೈಲ್‌ಗಳ ನೆರಳುಗಳೆಲ್ಲ ಬದಲಾಗಿ ಕಾಣುತ್ತವೆ.

ಪೇಂಟಿಂಗ್ ಮಾಡುವುದು ಮೊದಲೋ, ಕಟ್ ಮಾಡುವುದು ಮೊದಲೋ?

ಈ ಪ್ರಶ್ನೆಗೆ ಬರುವ ಎರಡು ಸಾಮಾನ್ಯ ಉತ್ತರಗಳೂ ಪೂರ್ತಿ ಸರಿಯಲ್ಲ.

ಇಡೀ ಫೋಟೋಗೆ ಮೊದಲು ತೈಲವರ್ಣದ ಫಿಲ್ಟರ್ ಹಾಕಿದರೆ ಫಿಲ್ಟರ್ ಕೂದಲನ್ನೂ ಗೋಡೆಯನ್ನೂ ಕಲಸಿ ಒಂದೊಂದು ಬ್ರಷ್ ಏಟು ಮಾಡುತ್ತದೆ. ಏಟಿನೊಳಗಿನ ಬಣ್ಣ ಎಷ್ಟು ಕೂದಲು, ಎಷ್ಟು ಗೋಡೆ ಅನ್ನುವ ಲೆಕ್ಕ ಅಲ್ಲಿಗೇ ಕೆಟ್ಟಿತು. I, F, B ಸೂತ್ರ ಆ ಚಿತ್ರಕ್ಕೆ ಅನ್ವಯಿಸುವುದೇ ಇಲ್ಲ. ಆಮೇಲೆ ಯಾವ ಮ್ಯಾಟಿಂಗ್ ಓಡಿಸಿದರೂ ಹಸಿರು ಏಟುಗಳು ಕೂದಲಿಗೆ ಅಂಟಿಕೊಂಡೇ ಬರುತ್ತವೆ. ಇನ್ನು ಕಟ್ ಮಾಡಿದ ಪಿಎನ್‌ಜಿಗೆ ಫಿಲ್ಟರ್ ಹಾಕಿದರೆ ಸಮಸ್ಯೆ ಬೇರೆ. ಪಾರದರ್ಶಕ ಭಾಗದ ಕೆಳಗೂ ಒಂದು ಬಣ್ಣ ಅಡಗಿರುತ್ತದೆ, ಕಪ್ಪೋ ಬಿಳಿಯೋ ಹಳೆಯ ಗೋಡೆಯೋ. ಕೆಲವು ಫಿಲ್ಟರ್‌ಗಳು ಅದನ್ನೂ ಎಳೆದು ಏಟಿಗೆ ಬೆರೆಸುತ್ತವೆ. ಅಂಚಿಗೆ ಕಪ್ಪು ಅಥವಾ ಬಿಳಿ ಚೌಕಟ್ಟು ಹಾಕಿದ ಹಾಗೆ ಕಾಣುವುದು ಅದರಿಂದ.

ಸರಿಯಾದ ಕ್ರಮ ಹೀಗೆ. ಆಲ್ಫಾ ತೆಗೆಯುವುದು ಫೋಟೋದಿಂದ. ಫಿಲ್ಟರ್ ಹಾಕುವುದು munnele.png ಮೇಲೆ. ಆ ಫೈಲನ್ನು ತೆರೆದು ನೋಡಿದರೆ ಮೊದಲು ಗಾಬರಿಯಾಗಬಹುದು, ಯಾಕೆಂದರೆ ಅದರಲ್ಲಿ ಹಿನ್ನೆಲೆ ಪಾರದರ್ಶಕವಾಗಿರುವುದಿಲ್ಲ. ಕೂದಲಿನ ಬಣ್ಣ ಹೊರಗಡೆಗೆಲ್ಲ ಹರಡಿ, ಗೋಡೆ ಇದ್ದ ಜಾಗವನ್ನು ಮಸುಕಾಗಿ ತುಂಬಿರುತ್ತದೆ. ನಮಗೆ ಬೇಕಾದದ್ದೇ ಅದು. ಫಿಲ್ಟರ್ ಅಂಚಿನಲ್ಲಿ ಎತ್ತ ಕೈ ಚಾಚಿದರೂ ಸಿಗುವುದು ಕೂದಲಿನ ಬಣ್ಣವೇ, ಹಸಿರು ಸಿಗುವುದಿಲ್ಲ. ಗಿಂಪ್‌ನ Filters ಕೆಳಗಿನ Artistic ಒಳಗೆ Oilify ಇದೆ. ನಮ್ಮ ಪೋಸ್ಟರ್‌ಗೆ Mask Radius 6 ಇಡೋಣ. ಬಣ್ಣದ ಲೇಯರ್ ತಯಾರಾಯಿತು.

ಈಗ ಆಲ್ಫಾ. ಇದನ್ನು ಹಾಗೇ ಮಾಸ್ಕ್ ಆಗಿ ಹಾಕಿದರೆ ತಾಂತ್ರಿಕವಾಗಿ ತಪ್ಪೇನಿಲ್ಲ, ಕಣ್ಣಿಗೆ ಮಾತ್ರ ತಪ್ಪು. ಮುಖ, ಸೀರೆ, ಒನಕೆ ಎಲ್ಲ ದಪ್ಪ ಬ್ರಷ್‌ನಲ್ಲಿ ಬರೆದ ಹಾಗಿವೆ. ಕೂದಲಿನ ಅಂಚಿನಲ್ಲಿ ಮಾತ್ರ ಅರ್ಧ ಪಿಕ್ಸೆಲ್ ದಪ್ಪದ ನಿಜ ಕೂದಲು. ಚಿತ್ರಕ್ಕೆ ವಿಗ್ ಹಾಕಿದಂತಾಗುತ್ತದೆ. ದಪ್ಪ ಬ್ರಷ್ ಹಿಡಿದ ಚಿತ್ರಕಾರ ಒಂಟಿ ಕೂದಲನ್ನು ಬರೆಯುವುದಿಲ್ಲ, ಎಳೆಗಳನ್ನು ಸೇರಿಸಿ ಒಂದು ಜೊಂಪೆ ಎಳೆಯುತ್ತಾನೆ. ಆಲ್ಫಾವೂ ಅಷ್ಟೇ ಒರಟಾಗಬೇಕು, ಶೈಲಿಯ ಅತಿ ಸಣ್ಣ ಏಟು ಎಷ್ಟು ದಪ್ಪವೋ ಅಷ್ಟು.

ಅದಕ್ಕೆ alpha.png ಮೇಲೂ ಅದೇ Oilify, ಅದೇ ಅಳತೆಯಲ್ಲಿ ಹಾಕಿ. ಈ ಫಿಲ್ಟರ್ ಸರಾಸರಿ ತೆಗೆಯುವುದಿಲ್ಲ. ಸುತ್ತಲಿನ ವೃತ್ತದಲ್ಲಿ ಯಾವ ಬೆಲೆಯ ಪಿಕ್ಸೆಲ್‌ಗಳು ಹೆಚ್ಚು ಇವೆಯೋ ಅದನ್ನು ಆರಿಸುತ್ತದೆ. ಹಾಗಾಗಿ ಒಂಟಿಯಾಗಿ ಹಾರಿದ ಎಳೆ ತನ್ನ ವೃತ್ತದಲ್ಲಿ ಅಲ್ಪಸಂಖ್ಯಾತ, ಅದು ಮಾಯವಾಗುತ್ತದೆ. ದಟ್ಟವಾಗಿ ಒತ್ತಿಕೊಂಡ ಎಳೆಗಳಲ್ಲಿ ಕೂದಲೇ ಬಹುಮತ, ನಡುವಿನ ಸಂದಿಗಳು ಮುಚ್ಚಿ ಗಟ್ಟಿ ಜೊಂಪೆಯಾಗುತ್ತದೆ. ಮಬ್ಬು ಮಾಡುವ Gaussian Blur ಹಾಕಿ Levels ಬಿಗಿ ಮಾಡಿದರೂ ಹೆಚ್ಚುಕಡಿಮೆ ಇಂಥದ್ದೇ ಬರುತ್ತದೆ ಎಂದು ಹೇಳುವವರಿದ್ದಾರೆ. ಬರುತ್ತದೆ, ಆದರೆ ಎಲ್ಲ ಮೂಲೆಗಳೂ ಗುಂಡಗಾಗಿ ಕೂದಲು ಮೇಣದ ಹಾಗೆ ಕಾಣುತ್ತದೆ. ನಮಗೆ ಅದು ಇಷ್ಟವಿಲ್ಲ.

Oilify ನಂತರ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಒಂದು ಪಿಕ್ಸೆಲ್ ಮಬ್ಬು ಸಾಕು. ಆಮೇಲೆ ಕೈಯಿಂದ ಒಂದಿಷ್ಟು ಜೊಂಪೆಗಳನ್ನು ಮಾಸ್ಕ್ ಮೇಲೆ ಬಿಳಿಯಲ್ಲಿ ಎಳೆಯಿರಿ: ಬುಡದಲ್ಲಿ 10–12 ಪಿಕ್ಸೆಲ್, ತುದಿಗೆ ಬರುವಷ್ಟರಲ್ಲಿ ಚೂಪು. ಎಲ್ಲಿ ಎಳೆಯಬೇಕು ಅನ್ನುವುದಕ್ಕೆ ಮೂಲ ಆಲ್ಫಾವನ್ನು ಮಸುಕಾಗಿ ಮೇಲಿಟ್ಟುಕೊಂಡು ನೋಡಿ. ಫಿಲ್ಟರ್ ಅಳಿಸಿದ ಎಳೆಗಳಲ್ಲಿ ಉದ್ದವಾದವನ್ನು ಮಾತ್ರ ವಾಪಸ್ ತರುತ್ತೀರಿ. ಕೆಳಗೆ munnele.png ಬಣ್ಣ ಹೊರಗಡೆಗೂ ಹರಡಿರುವುದರಿಂದ ಮಾಸ್ಕ್‌ನಲ್ಲಿ ಬಿಳಿ ಎಳೆದ ಕಡೆಯೆಲ್ಲ ತಾನಾಗಿ ಕೂದಲಿನ ಬಣ್ಣ ಬರುತ್ತದೆ, ಬೇರೆ ಬಣ್ಣ ಹುಡುಕುವ ಕೆಲಸವಿಲ್ಲ. ಈ ಕ್ರಮದ ನಿಜವಾದ ಲಾಭ ಇದು ಅನ್ನಿಸುತ್ತದೆ.

ದಪ್ಪ ಕಪ್ಪು ಗೆರೆಯ ಕಾರ್ಟೂನ್ ಶೈಲಿಯಾದರೆ ಇಷ್ಟೂ ಬೇಡ. ಆಲ್ಫಾವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ, ಅರ್ಧಕ್ಕೆ Threshold ಹಾಕಿ, ಮತ್ತೆ ಮೊದಲಿನ ಅಳತೆಗೆ ಇಳಿಸಿದರೆ ಚೂಪಾದ, ಮೆಟ್ಟಿಲಿಲ್ಲದ ಅಂಚು ಸಿಗುತ್ತದೆ. ಜಲವರ್ಣ ಶೈಲಿಯಲ್ಲಿ ಇದಕ್ಕೆ ವಿರುದ್ಧ, ಮೂಲ ಆಲ್ಫಾವನ್ನೇ ಹೆಚ್ಚು ಉಳಿಸಿಕೊಳ್ಳಬಹುದು.

ಮ್ಯಾಟಿಂಗ್ ತೆಗೆಯಲಾಗದ ಹಸಿರು

ಎಲ್ಲ ಸರಿ ಮಾಡಿದ ಮೇಲೂ ಕೂದಲಿನಲ್ಲಿ ಹಸಿರು ಛಾಯೆ ಉಳಿದಿದ್ದರೆ, ಅದು ಎಲ್ಲಿದೆ ನೋಡಿ. ಅಂಚಿನ ಅರೆಪಾರದರ್ಶಕ ಭಾಗದಲ್ಲಿದ್ದರೆ ಮುನ್ನೆಲೆಯ ಬಣ್ಣದ ಅಂದಾಜು ಕೆಟ್ಟಿದೆ, ಟ್ರೈಮ್ಯಾಪ್‌ಗೆ ಮರಳಿ. ಆಲ್ಫಾ 1 ಇರುವ ದಟ್ಟ ಕೂದಲಿನ ಮೇಲೂ ಇದ್ದರೆ ಅದು ಬೇರೆ ಕಥೆ: ಗೋಡೆಗೆ ಬಡಿದ ಬೆಳಕು ಹಸಿರಾಗಿ ಬಂದು ಹೊಳಪಿನ ಕೂದಲಿನ ಮೇಲೆ ಬಿದ್ದಿದೆ. ಆ ಹಸಿರು ಕೂದಲಿನ ನಿಜ ಬಣ್ಣದ ಭಾಗವೇ ಆಗಿಹೋಗಿರುವುದರಿಂದ ಯಾವ ಮ್ಯಾಟಿಂಗೂ ಅದನ್ನು ತೆಗೆಯುವುದಿಲ್ಲ.

ಅದಕ್ಕೆ ಹಳೆಯ ಉಪಾಯವೊಂದಿದೆ. ಹಸಿರಿನ ಬೆಲೆ ಕೆಂಪು ಮತ್ತು ನೀಲಿಯ ಸರಾಸರಿಯನ್ನು ದಾಟಿದ್ದರೆ ಅದನ್ನು ಆ ಸರಾಸರಿಗೆ ಇಳಿಸುವುದು. ಫಿಲ್ಟರ್ ಹಾಕುವ ಮೊದಲೇ, munnele.png ಸೇವ್ ಮಾಡುವ ಮುಂಚೆ ಇದನ್ನು ಸೇರಿಸಬಹುದು.

```python
import numpy as np

mid = (fg[..., 0] + fg[..., 2]) / 2
fg[..., 1] = np.minimum(fg[..., 1], mid)
```

ಕಪ್ಪು ಕೂದಲಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಮಲ್ಲಿಗೆಯ ತೊಟ್ಟು, ಹಸಿರು ರವಿಕೆ ಬೂದು ಬಣ್ಣಕ್ಕೆ ತಿರುಗುತ್ತವೆ, ಅರಿಶಿನದ ಹಳದಿ ಬಣ್ಣವೂ ಕೆಡುತ್ತದೆ. ಹಾಗಾಗಿ ಮೊದಲಿನ ಪ್ರತಿಯನ್ನು ಕೆಳಗಿಟ್ಟು, ತಿದ್ದಿದ್ದನ್ನು ಕೂದಲಿನ ಭಾಗಕ್ಕೆ ಮಾತ್ರ ಮಾಸ್ಕ್ ಮಾಡಿ. ಇಷ್ಟೆಲ್ಲ ತಾಪತ್ರಯ ಬೇಡ ಅಂದರೆ ಕಲಾವಿದೆಯನ್ನು ಗೋಡೆಯಿಂದ ಒಂದೂವರೆ ಎರಡು ಮೀಟರ್ ಮುಂದೆ ನಿಲ್ಲಿಸಿ. ಗೋಡೆಯ ಬೆಳಕು ಅಷ್ಟು ದೂರಕ್ಕೆ ಬಹಳ ಕಡಿಮೆಯಾಗುತ್ತದೆ, ಗೋಡೆಯ ಮೇಲಿನ ನೆರಳೂ ತಪ್ಪುತ್ತದೆ.

ಪರೀಕ್ಷೆ

ಬಂಡೆಯ ಚಿತ್ರದ ಮೇಲೆ ಇಟ್ಟು ನೋಡಿ ಚೆನ್ನಾಗಿದೆ ಅಂತ ಬಿಡಬೇಡಿ. ಬಂಡೆಯ ಒರಟುತನ ದೋಷಗಳನ್ನು ಮುಚ್ಚುತ್ತದೆ, ಗಿರಾಕಿ ನಾಳೆ ಹಿನ್ನೆಲೆ ಆಕಾಶ ಮಾಡಿ ಅಂದರೆ ಎಲ್ಲ ಹೊರಗೆ ಬರುತ್ತದೆ. ಕೆಳಗೆ ಒಂದೇ ಬಣ್ಣದ ಲೇಯರ್ ಇಟ್ಟು ಕಪ್ಪು, ಬಿಳಿ, ಕಡು ಗುಲಾಬಿ ಮೂರರ ಮೇಲೂ 100 ಶೇಕಡಾ ಜೂಮ್‌ನಲ್ಲಿ ನೋಡಿ. ಕಪ್ಪಿನ ಮೇಲೆ ತಿಳಿ ಗೆರೆ ಮತ್ತು ಮಂಜು ಕಾಣುತ್ತದೆ, ಬಿಳಿಯ ಮೇಲೆ ಕಪ್ಪು ಕೊಳೆ ಮತ್ತು ತುಂಡಾದ ತುದಿಗಳು ಕಾಣುತ್ತವೆ, ಗುಲಾಬಿಯ ಮೇಲೆ ಉಳಿದ ಹಸಿರು ಎದ್ದು ಕಾಣುತ್ತದೆ. ಮಂಜು ಇದ್ದರೆ ಆಲ್ಫಾಗೆ Levels ಹಾಕಿ 8ಕ್ಕಿಂತ ಕೆಳಗಿನದನ್ನು ಸೊನ್ನೆ, 247ಕ್ಕಿಂತ ಮೇಲಿನದನ್ನು ಪೂರ್ತಿ ಮಾಡಿ. ಅದಕ್ಕಿಂತ ಬಿಗಿ ಮಾಡಲು ಹೊರಟರೆ ಮಂಜಿನ ಜೊತೆ ಕೂದಲಿನ ತುದಿಗಳೂ ಹೋಗುತ್ತವೆ.

ಇನ್ನೊಂದು ವಿಷಯ, ವಾಟ್ಸಾಪ್‌ನಲ್ಲಿ ಬರುವ ಫೋಟೋಗಳು. ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಅದು ಅಳತೆಯನ್ನೂ ಇಳಿಸಿ, ಜೆಪೆಗ್ ಕಂಪ್ರೆಷನ್ ಅನ್ನೂ ಹೆಚ್ಚಿಸುತ್ತದೆ. ಜೆಪೆಗ್‌ನಲ್ಲಿ ಬಣ್ಣದ ಮಾಹಿತಿಯನ್ನು ಸಾಮಾನ್ಯವಾಗಿ ಉದ್ದ, ಅಗಲ ಎರಡರಲ್ಲೂ ಅರ್ಧಕ್ಕೆ ಇಳಿಸಿ ಇಟ್ಟಿರುತ್ತದೆ, ಅಂದರೆ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣ. ಅರ್ಧ ಪಿಕ್ಸೆಲ್ ದಪ್ಪದ ಕೂದಲಿನ ಬಣ್ಣ ಅಲ್ಲಿ ಪಕ್ಕದವರಿಗೆ ಹಂಚಿಹೋಗಿರುತ್ತದೆ. ಅಂಥ ಫೈಲ್ ಮೇಲೆ ಒಂಟಿ ಎಳೆಗಳ ಆಸೆ ಬಿಟ್ಟು, ಬೂದು ಪಟ್ಟಿಯನ್ನು ಕಿರಿದು ಮಾಡಿ, ಜೊಂಪೆಗಳನ್ನು ಕೈಯಿಂದಲೇ ಬರೆಯುವುದು ಮೇಲು. ಪೇಂಟಿಂಗ್ ಶೈಲಿಗೆ ಅದು ಸಾಕಾಗುತ್ತದೆ. ಫೋಟೋ ಹಾಗೇ ಉಳಿಯಬೇಕು ಅನ್ನುವ ಗಿರಾಕಿಗೆ ಮಾತ್ರ ‘ಫೋಟೋವನ್ನು ಡಾಕ್ಯುಮೆಂಟ್ ಆಗಿ ಮತ್ತೆ ಕಳಿಸಿ’ ಅಂತ ಮೊದಲೇ ಹೇಳಿಬಿಡಿ.

ಮುಗಿದ ಕಟೌಟನ್ನು ಮುದ್ರಣಕ್ಕೆ ಕೊಡುವಾಗ ಎರಡು ಫೈಲ್ ಕೊಡುವುದು ಒಳ್ಳೆಯದು: ಬಣ್ಣ ಹೊರಗಡೆಗೂ ಹರಡಿರುವ ಪೂರ್ತಿ ಚಿತ್ರ ಒಂದು, ಆಲ್ಫಾ ಒಂದು. ಮುದ್ರಣದವರು ಬ್ಯಾನರ್ ಅಳತೆಗೆ ಹಿಗ್ಗಿಸುವಾಗ ಪಕ್ಕದ ಪಿಕ್ಸೆಲ್‌ಗಳ ಬಣ್ಣವನ್ನು ಬೆರೆಸಿಯೇ ಹಿಗ್ಗಿಸುತ್ತಾರೆ. ಪಾರದರ್ಶಕ ಭಾಗದ ಕೆಳಗೆ ಬಿಳಿ ಅಡಗಿದ್ದರೆ ನೀವು ತೆಗೆದ ಗೆರೆ ಅಲ್ಲಿ ಮತ್ತೆ ಬರುತ್ತದೆ. ಕೂದಲಿನ ಬಣ್ಣವೇ ಅಡಗಿದ್ದರೆ ಬರುವುದಿಲ್ಲ.